ಆಪರೇಷನ್ ಆಗಿರುವ ಮಾವನಿಗೆ ಏನಂತ ಮೆಸೇಜ್ ಬರೆಯೋದು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನಾನು ನರ್ಸ್. ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರು ನಮ್ಮಲ್ಲಿ ಹರ್ನಿಯಾ ಆಪರೇಷನ್‌ಗೆ ಬರುತ್ತಲೇ ಇರುತ್ತಾರೆ. ಅವರ ಫೋನಿಗೆ ಬರುವ ಮೆಸೇಜುಗಳನ್ನು ಎಷ್ಟೋ ಸಲ ನಾವೇ ಓದಿ ಹೇಳುತ್ತೇವೆ. ಯಾವ ಮೆಸೇಜಿಗೆ ಮುಖ ಅರಳುತ್ತದೆ, ಯಾವುದಕ್ಕೆ ಸುಮ್ನೆ ಫೋನ್ ಪಕ್ಕಕ್ಕಿಡುತ್ತಾರೆ ಅನ್ನೋದು ಕಣ್ಣೆದುರಿಗೇ ಗೊತ್ತಾಗುತ್ತದೆ. ನೆಂಟರ ಮಕ್ಕಳು, ಜೊತೆಗೆ ಕೆಲಸ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಹರ್ನಿಯಾ ಆಪರೇಷನ್ ಆಗಿರುವ ಸೋದರಮಾವನನ್ನೇ ತೆಗೆದುಕೊಂಡಿದ್ದೇನೆ. ಚಿಕ್ಕಪ್ಪ, ದೊಡ್ಡಪ್ಪನಿಗೂ ಇದೇ ನಡೆಯುತ್ತದೆ.

ಮೆಸೇಜ್ ಯಾವತ್ತು, ಎಷ್ಟು ಹೊತ್ತಿಗೆ ಕಳಿಸಬೇಕು?

ಆಪರೇಷನ್ ಆದ ಮರುದಿನ, ಬೆಳಗಿನ ರೌಂಡ್ಸ್ ಮುಗಿದ ಮೇಲೆ ಕಳಿಸಿ. ಹನ್ನೊಂದು ಗಂಟೆ ಹೊತ್ತು ಒಳ್ಳೆಯದು.

ಯಾಕೆ ಅಂತ ಹೇಳುತ್ತೇನೆ. ತೊಡೆಸಂದಿಯ ಹರ್ನಿಯಾಗೆ ತೆರೆದು ಮಾಡುವ ಆಪರೇಷನ್ ಆದರೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಸೊಂಟದಿಂದ ಕೆಳಗೆ ಕೆಲವು ಗಂಟೆ ಮರಗಟ್ಟಿರುತ್ತದೆ. ಆ ಹೊತ್ತಿನಲ್ಲಿ ನೋವು ಇರುವುದಿಲ್ಲ, ಮಾತೂ ಆಡುತ್ತಾರೆ. "ಮಾವ ಆರಾಮಾಗಿದ್ದಾರೆ, ನಗ್ತಾ ಇದ್ದಾರೆ" ಅಂತ ಮನೆಯವರು ಎಲ್ಲರಿಗೂ ಫೋನ್ ಮಾಡುವುದು ಆವಾಗಲೇ. ಸಂಜೆ ಹೊತ್ತಿಗೆ ಮರಗಟ್ಟಿದ್ದು ಇಳಿಯುತ್ತದೆ, ನೋವು ಶುರುವಾಗುತ್ತದೆ. ಮೂತ್ರ ಹೋಯಿತಾ ಇಲ್ವಾ ಅನ್ನುವ ಚಿಂತೆ ಬೇರೆ ಇರುತ್ತದೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಲ್ಲಿ ಕೆಲವರಿಗೆ ಅದು ತಡವಾಗುತ್ತದೆ. ಸರಿಯಾಗಿ ಆ ಹೊತ್ತಿಗೆ ಫೋನ್ ಟಿಂಗ್ ಟಿಂಗ್ ಅನ್ನುತ್ತದೆ. ಫೋನ್ ಇರುವುದು ಅತ್ತೆಯ ಕೈಯಲ್ಲಿ, ಅವರು ಬೆಳಗಿನಿಂದ ಊಟವನ್ನೇ ಮಾಡಿರುವುದಿಲ್ಲ.

ಮರುದಿನ ಬೆಳಗ್ಗೆ ಪರಿಸ್ಥಿತಿ ಬೇರೆ. ಎಬ್ಬಿಸಿ ನಡೆಸಿರುತ್ತಾರೆ. ಇಡ್ಲಿ ತಿಂದಿರುತ್ತಾರೆ. ಡಾಕ್ಟರ್ ಬಂದು ಗಾಯ ನೋಡಿ, ಮನೆಗೆ ಯಾವಾಗ ಹೋಗಬಹುದು ಅಂತ ಹೇಳಿರುತ್ತಾರೆ. ಹಾಸಿಗೆಗೆ ಒರಗಿ ಕೂತು ಫೋನ್ ಕೈಗೆ ತೆಗೆದುಕೊಳ್ಳುವುದು ಆಮೇಲೆ.

ಆಪರೇಷನ್ ದಿನವೇ ಏನಾದರೂ ಹೇಳಲೇಬೇಕು ಅನ್ನಿಸಿದರೆ ಅತ್ತೆಗೆ ಹೇಳಿ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

"ಬೇಗ ಗುಣವಾಗಲಿ" ಅಂತ ಒಂದು ಸಾಲು ಹಾಕಿದರೆ ಸಾಲದಾ?

ದೂರದ ಪರಿಚಯದವರಿಗೆ ಸಾಕು. ಸ್ವಂತ ಮಾವನಿಗೆ ಸಾಲದು.

ಆ ಒಂದು ಸಾಲು ಅವರಿಗೆ ಅವತ್ತು ಇಪ್ಪತ್ತು ಮಂದಿಯಿಂದ ಬಂದಿರುತ್ತದೆ. ಜೊತೆಗೆ "ಬೇಗ" ಅನ್ನುವ ಮಾತು ಈ ಆಪರೇಷನ್‌ನಲ್ಲಿ ಸ್ವಲ್ಪ ತೊಂದರೆಯದ್ದೇ. ಒಳಗೆ ಸಡಿಲವಾದ ಜಾಗಕ್ಕೆ ಒಂದು ಸಣ್ಣ ಬಲೆ ಇಟ್ಟು ಹೊಲಿದಿರುತ್ತಾರೆ. ಹೊರಗಿನ ಗಾಯ ಒಂದೆರಡು ವಾರದಲ್ಲಿ ಮಾಗುತ್ತದೆ. ಒಳಗೆ ಮಾಂಸ ಆ ಬಲೆಯ ಜೊತೆ ಬೆಳೆದು ಗಟ್ಟಿಯಾಗಲು ಇನ್ನೂ ಟೈಮ್ ಬೇಕು. ಅದಕ್ಕೇ ಭಾರ ಎತ್ತಬೇಡಿ ಅಂತ ಸಾಮಾನ್ಯವಾಗಿ 4ರಿಂದ 6 ವಾರ ಹೇಳುತ್ತಾರೆ. ನಮ್ಮ ಕಡೆಯ ರೈತರು ಹತ್ತು ದಿನಕ್ಕೇ "ನನಗೇನೂ ಆಗಿಲ್ಲ" ಅಂತ ತೋಟಕ್ಕೆ ಹೊರಡುತ್ತಾರೆ. ಅಂಥವರಿಗೆ ಎಲ್ಲರೂ ಬೇಗ ಬೇಗ ಅಂತಲೇ ಬರೆದರೆ ಅವರ ಅವಸರಕ್ಕೆ ಒತ್ತು ಕೊಟ್ಟ ಹಾಗಾಗುತ್ತದೆ.

"ನಿಧಾನಕ್ಕೆ ಸುಧಾರಿಸಿಕೊಳ್ಳಿ" ಅಂತ ಬರೆಯಿರಿ. ಅದು ಹಿತವಾಗಿಯೂ ಇದೆ, ಡಾಕ್ಟರ್ ಮಾತಿಗೂ ಹೊಂದುತ್ತದೆ.

ಹಾಗಾದರೆ ಒಳಗೆ ಏನು ಬರೆಯಬೇಕು? ಒಂದು ಪೂರ್ತಿ ಉದಾಹರಣೆ ಕೊಡಿ.

ಒಬ್ಬ ಮಾವನನ್ನು ಕಣ್ಣ ಮುಂದೆ ತಂದುಕೊಳ್ಳಿ. ವಯಸ್ಸು ಐವತ್ತೆಂಟು. ತಿಪಟೂರು ತಾಲ್ಲೂಕಿನ ಒಂದು ಹಳ್ಳಿ, ಮೂರು ಎಕರೆ ತೆಂಗಿನ ತೋಟ, ಎರಡು ಹಸು. ಬಲಗಡೆ ತೊಡೆಸಂದಿಯಲ್ಲಿ ಹರ್ನಿಯಾ, ತುಮಕೂರಿನಲ್ಲಿ ಆಪರೇಷನ್ ಆಗಿದೆ. ಮೆಸೇಜ್ ಬರೆಯುತ್ತಿರುವುದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು. ಅವಳು ಮೊದಲು ಬರೆದದ್ದು ಹೀಗೆ:

"ಹಾಯ್ ಮಾವ, ನಿಮಗೆ ಹರ್ನಿಯಾ ಆಪರೇಷನ್ ಆಯ್ತಂತೆ, ಕೇಳಿ ಶಾಕ್ ಆಯ್ತು 😢😢 ಈಗ ಹೇಗಿದ್ದೀರಾ? ನೋವು ಇದೆಯಾ? ಡಾಕ್ಟರ್ ಏನಂದ್ರು? ಯಾವಾಗ ಡಿಸ್ಚಾರ್ಜ್? ಹುಷಾರು ಮಾವ, ಬೇಗ ಗುಣ ಆಗಿ ಎದ್ದು ಓಡಾಡಿ 💪💪💪🙏🙏🙏💐💐"

ಪ್ರೀತಿಗೇನೂ ಕಡಿಮೆ ಇಲ್ಲ. ಆದರೆ ಮಾವನ ಕಡೆಯಿಂದ ಓದಿ ನೋಡಿ. ನಾಲ್ಕು ಪ್ರಶ್ನೆ ಇದೆ, ನಾಲ್ಕಕ್ಕೂ ಉತ್ತರ ಟೈಪ್ ಮಾಡಬೇಕು. ಬಲಗೈಗೆ ಡ್ರಿಪ್ ಸೂಜಿ ಹಾಕಿ ಪ್ಲಾಸ್ಟರ್ ಸುತ್ತಿರುತ್ತಾರೆ. ಕನ್ನಡಕ ಬ್ಯಾಗಿನಲ್ಲೆಲ್ಲೋ ಇರುತ್ತದೆ. ಇನ್ನು, ಶಾಕ್ ಆಗಿದ್ದು ಅಕ್ಕನ ಮಗಳಿಗೆ, ಸಮಾಧಾನ ಮಾಡಬೇಕಾದವರು ಹಾಸಿಗೆಯಲ್ಲಿರುವ ಮಾವ ಅನ್ನುವ ಹಾಗಿದೆ.

ಮಾವನ ತಲೆಯಲ್ಲಿ ಆ ಹೊತ್ತಿಗೆ ನಿಜವಾಗಿ ಏನು ಓಡುತ್ತಿರುತ್ತದೆ? ವಾರ್ಡಿನಲ್ಲಿ ಈ ಮಾತನ್ನು ತುಂಬಾ ಕೇಳಿದ್ದೇನೆ. ಗಾಯಕ್ಕಿಂತ ಜಾಸ್ತಿ ಕೆಲಸದ ಚಿಂತೆ. ಅಟ್ಟದ ಮೇಲೆ ಕೊಬ್ಬರಿಗೆ ಅಂತ ಹಾಕಿದ ಕಾಯಿ ಒಣಗಿದೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅಂತ ಉಂಡೆ ಉರುಳುತ್ತಿದೆ. ಇಳಿಸಬೇಕು, ಸುಲಿಯಬೇಕು, ಒಡೆಯಬೇಕು, ಮೂಟೆ ಕಟ್ಟಿ ತಿಪಟೂರಿಗೆ ಹಾಕಬೇಕು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕುವವರು ಯಾರು? ಕರೆಂಟ್ ರಾತ್ರಿ ಕೊಟ್ಟರೆ ಮೋಟರ್ ಹಾಕುವವರು ಯಾರು? ಈ ಚಿಂತೆಯಲ್ಲಿ ಒಂದನ್ನಾದರೂ ನೀವು ಹೊತ್ತುಕೊಂಡರೆ ಮೆಸೇಜಿಗೆ ತೂಕ ಬರುತ್ತದೆ. ಅದನ್ನು ದಿನ ಹೇಳಿ, ಯಾರು ಬರುತ್ತಾರೆ ಅಂತ ಹೇಳಿ ಬರೆಯಬೇಕು. "ಏನಾದ್ರೂ ಬೇಕಿದ್ರೆ ಹೇಳಿ ಮಾವ" ಅಂದರೆ ಯಾವ ಮಾವನೂ ಬಾಯಿ ಬಿಟ್ಟು ಕೇಳುವುದಿಲ್ಲ.

ಅವಳು ಅಮ್ಮನಿಗೆ ಫೋನ್ ಮಾಡಿ, ತಮ್ಮನ ಹತ್ತಿರ ಮಾತಾಡಿ, ಆಮೇಲೆ ಬರೆದದ್ದು ಇದು:

"ಮಾವ, ನಮಸ್ಕಾರ 🙏
ಎಲ್ಲಾ ಚೆನ್ನಾಗಿ ಆಯ್ತು ಅಂತ ಅತ್ತೆ ಹೇಳಿದ್ರು. ಕೇಳಿ ಮನಸ್ಸಿಗೆ ನೆಮ್ಮದಿ ಆಯ್ತು.
ಅಟ್ಟದ ಕಾಯಿ ಚಿಂತೆ ಬಿಡಿ. ಭಾನುವಾರ ನಾನೂ ತಮ್ಮನೂ ಊರಿಗೆ ಬರ್ತೀವಿ, ಅವನು ಇಳಿಸ್ತಾನೆ, ಸುಲಿಯೋರಿಗೂ ಹೇಳಿ ಆಯ್ತು. ನೀವು ಕುರ್ಚಿ ಮೇಲೆ ಕೂತು ಹೇಳಿ, ನಾವು ಮಾಡ್ತೀವಿ 🥥
ನಿಧಾನಕ್ಕೆ ಸುಧಾರಿಸ್ಕೊಳ್ಳಿ. ಇದಕ್ಕೆ ಉತ್ತರ ಬರೆಯೋದೇನೂ ಬೇಡ, ಮಲಗಿ. ಭಾನುವಾರ ಸಿಗೋಣ 🌼"

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಕುರ್ಚಿಯ ಮಾತು. ಕೆಲಸ ಕಿತ್ತುಕೊಂಡರು ಅಂತ ಮಾವನಿಗೆ ಅನ್ನಿಸುವುದಿಲ್ಲ. ಯಜಮಾನಿಕೆ ಅವರದೇ, ಮೈ ಬಗ್ಗಿಸುವುದು ಮಾತ್ರ ಹುಡುಗರದು. "ಉತ್ತರ ಬೇಡ" ಅನ್ನುವ ಸಾಲನ್ನೂ ದಯವಿಟ್ಟು ಬಿಡಬೇಡಿ. ಹಿರಿಯರಿಗೆ ಬಂದ ಮೆಸೇಜಿಗೆಲ್ಲ ಉತ್ತರ ಕೊಡದಿದ್ದರೆ ತಪ್ಪು ಅನ್ನಿಸುತ್ತದೆ, ಸೂಜಿ ಹಾಕಿದ ಕೈಯಲ್ಲೇ ಒತ್ತುತ್ತಾ ಕೂರುತ್ತಾರೆ.

ಒಂದು ಎಚ್ಚರಿಕೆ. ಭಾನುವಾರ ಬರುತ್ತೇನೆ ಅಂತ ಬರೆದರೆ ಹೋಗಲೇಬೇಕು. ಹೋಗದಿದ್ದರೆ ಮಾವ ತಾವೇ ಏಣಿ ಹತ್ತುತ್ತಾರೆ.

ಎಮೋಜಿ ಎಷ್ಟು ಹಾಕಬೇಕು? ಯಾವುದು ಒಳ್ಳೆಯದು?

ಎರಡು, ಹೆಚ್ಚಂದರೆ ಮೂರು. ಒಂದೊಂದನ್ನೂ ಒಂದೇ ಸಲ.

ಒಳ್ಳೆಯದು ಯಾವುದು ಅನ್ನುವುದಕ್ಕಿಂತ ಮೊದಲು, ಯಾವುದು ಬೇಡ ಅಂತ ಹೇಳುತ್ತೇನೆ, ಅದೇ ಮುಖ್ಯ. ನಮ್ಮ ಕಡೆಯ ಫ್ಯಾಮಿಲಿ ಗ್ರೂಪುಗಳನ್ನು ನೆನಪು ಮಾಡಿಕೊಳ್ಳಿ. ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ ಕೆಳಗೆ ಸಾಲಾಗಿ ಏನು ಬರುತ್ತದೆ? 🙏🙏🙏 ಮತ್ತು 💐💐💐, ಜೊತೆಗೆ ಓಂ ಶಾಂತಿ. ಅದೇ ಸಾಲನ್ನು ಆಸ್ಪತ್ರೆಯಲ್ಲಿರುವವರಿಗೆ ಕಳಿಸಿದರೆ ಕಣ್ಣಿಗೆ ಹಾಗೇ ಕಾಣುತ್ತದೆ. ಮಾತಿಲ್ಲದೆ ಬರೀ ಕೈಮುಗಿದು ಹೂಗುಚ್ಛ ಹಾಕಿದ್ದನ್ನು ನೋಡಿ, "ಯಾಕೆ, ನಾನಿನ್ನೂ ಇದ್ದೀನಲ್ಲ" ಅಂದವರೂ ಇದ್ದಾರೆ. ಹಾಗಂತ 🙏 ಬಿಡಬೇಕಿಲ್ಲ. "ನಮಸ್ಕಾರ" ಅನ್ನುವ ಪದದ ಪಕ್ಕದಲ್ಲಿ ಒಂದೇ ಒಂದು ಇಟ್ಟರೆ ಅದು ನಮಸ್ಕಾರವೇ. ಹೂಗುಚ್ಛದ ಬದಲು 🌼 ಅಥವಾ 🌻 ಹಾಕಿ. ಹಳದಿ ಹೂವು ನೋಡಿದರೆ ಸೇವಂತಿಗೆಯ ನೆನಪಾಗುತ್ತದೆ, ಹಬ್ಬದ ಕಳೆ ಇರುತ್ತದೆ.

💪 ಈ ಆಪರೇಷನ್‌ಗೆ ಬೇಡವೇ ಬೇಡ. ತಿಣುಕಿ ಭಾರ ಎತ್ತುವುದನ್ನೇ ನಿಲ್ಲಿಸಿ ಅಂತ ನಾವು ಹೇಳುತ್ತಿರುವಾಗ, ತೋಳು ಉಬ್ಬಿಸಿದ ಚಿತ್ರ ಉಲ್ಟಾ ಮಾತು ಹೇಳುತ್ತದೆ. 💉 🏥 🤒 ಇವೂ ಬೇಡ. ಕಣ್ಣೆತ್ತಿದರೆ ಅದೇ ಕಾಣುವ ಜಾಗದಲ್ಲಿ ಅವರಿದ್ದಾರೆ. 😢 😭 ಹಾಕಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. 😂 ಮತ್ತು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುವ ವಿಡಿಯೋಗಳನ್ನು ಒಂದು ವಾರ ತಡೆದುಕೊಳ್ಳಿ. ಜೋರಾಗಿ ನಕ್ಕರೂ, ಕೆಮ್ಮಿದರೂ, ಸೀನಿದರೂ ಹೊಟ್ಟೆಯ ಒಳಗಿನ ಒತ್ತಡ ಏರಿ ಹೊಲಿಗೆಯ ಜಾಗ ಚುರ್ ಅನ್ನುತ್ತದೆ. ಕೆಮ್ಮು ಬಂದಾಗ ಗಾಯದ ಮೇಲೆ ಅಂಗೈ ಅಥವಾ ಸಣ್ಣ ದಿಂಬು ಒತ್ತಿ ಹಿಡಿದುಕೊಳ್ಳಿ ಅಂತ ನಾವು ಹೇಳಿಕೊಡುವುದು ಅದಕ್ಕೇ.

ಹಿತವಾದವು ಬೇಕಾದಷ್ಟಿವೆ. 😊 ಮೆಲ್ಲಗೆ ನಗುವ ಮುಖ ಯಾರಿಗೂ ಒಪ್ಪುತ್ತದೆ. 🌿 ತಣ್ಣಗಿದೆ. ☀️ ಬೆಳಗಿನ ಮೆಸೇಜಿಗೆ ಚೆಂದ. ಮಾವನ ಬದುಕಿನದೇ ಒಂದು ಇದ್ದರೆ ಇನ್ನೂ ಚೆಂದ. ತೆಂಗಿನವರಿಗೆ 🥥 ಅಥವಾ 🌴, ಶ್ರೀನಿವಾಸಪುರದ ಕಡೆ ಮಾವಿನ ತೋಟದವರಿಗೆ 🥭, ಹಸು ಸಾಕಿದವರಿಗೆ 🐄. ❤️ ಮನೆಯ ರೂಢಿ ನೋಡಿ ಹಾಕಿ. ಎತ್ತಿ ಆಡಿಸಿದ ಮಾವನಾದರೆ ಅನುಮಾನ ಬೇಡ. ಸ್ವಲ್ಪ ಬಿಗುಮಾನದ ದೊಡ್ಡಪ್ಪನಾದರೆ 🌼 ಸಾಕು.

ಹೊಸದಾಗಿ ಬಂದ ಎಮೋಜಿಗಳ ಬಗ್ಗೆಯೂ ನೋಡಿಕೊಳ್ಳಿ. ಎರಡು ಕೈ ಸೇರಿಸಿ ಹೃದಯ ಮಾಡುವ 🫶 ಬಂದದ್ದು 2021ರಲ್ಲಿ. ಮಾವನ ಫೋನ್ ಅದಕ್ಕಿಂತ ಹಳೆಯದಾಗಿದ್ದು ಅಪ್‌ಡೇಟ್ ಆಗದಿದ್ದರೆ ಅಲ್ಲಿ ಖಾಲಿ ಡಬ್ಬಿಯಂಥ ಗುರುತು ಕಾಣಬಹುದು. ಹೂವು, ಎಲೆ, ಕೈಮುಗಿದದ್ದು ಹಳೆಯವು, ಅವಕ್ಕೆ ಈ ತೊಂದರೆ ಇಲ್ಲ.

ಎಮೋಜಿಯನ್ನು ಸಾಲಿನ ಮಧ್ಯೆ ಇಡಬಹುದಾ?

ಸಾಲಿನ ಕೊನೆಗೆ ಇಡಿ. ಕಣ್ಣು ಮಂಜಾದವರು ಅಕ್ಷರ ಓದಿಸುವ ಸೌಲಭ್ಯ ಹಾಕಿಕೊಂಡಿದ್ದರೆ, ಫೋನ್ ಎಮೋಜಿಯ ಹೆಸರನ್ನೂ ಗಟ್ಟಿಯಾಗಿ ಓದುತ್ತದೆ. ಮಾತಿನ ನಡುವೆ ಬಂದರೆ ಅರ್ಥ ಕತ್ತರಿಸುತ್ತದೆ, ಒಂದೇ ಚಿತ್ರ ಸಾಲಾಗಿ ಇದ್ದರೆ ಕೇಳುವವರಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಎಷ್ಟು ಉದ್ದ ಇರಬೇಕು?

ನಿಮ್ಮ ಫೋನಿನಲ್ಲಿ ಆರೇಳು ಸಾಲು. ಮಾವನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿರುತ್ತಾರೆ, ನಿಮ್ಮ ಆರು ಸಾಲು ಅಲ್ಲಿ ಪರದೆ ತುಂಬುತ್ತದೆ. ತೀರಾ ಉದ್ದ ಬರೆದರೆ ವಾಟ್ಸಾಪ್ ಅರ್ಧಕ್ಕೆ ಮಡಚಿ, ಮುಂದೆ ಓದಲು ಒತ್ತಿ ಅನ್ನುತ್ತದೆ. ಎಷ್ಟೋ ಹಿರಿಯರು ಅದನ್ನು ಒತ್ತುವುದೇ ಇಲ್ಲ, ಮೆಸೇಜ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಮೊದಲ ಸಾಲಿನಲ್ಲೇ ಸಂತೋಷದ ಮಾತು ಬರಲಿ. ಫೋನ್ ತೆರೆಯದಿದ್ದರೂ ಮೇಲ್ಗಡೆ ಕಾಣುವುದು ಅಷ್ಟೇ.

ಯಾವ ಆಪರೇಷನ್ ಅಂತ ಬರೆಯಬೇಕಾ? ಫ್ಯಾಮಿಲಿ ಗ್ರೂಪಿಗೆ ಹಾಕಬಹುದಾ?

ಎರಡಕ್ಕೂ ನನ್ನ ಉತ್ತರ ಒಂದೇ: ಬೇಡ.

ತೊಡೆಸಂದಿಯ ಹರ್ನಿಯಾ ಅಂದರೆ ನಮ್ಮ ಕಡೆಯ ಗಂಡಸರು ತುಂಬಾ ನಾಚಿಕೊಳ್ಳುತ್ತಾರೆ. ವರ್ಷಗಟ್ಟಲೆ ಹೆಂಡತಿಗೂ ಹೇಳದೆ, ಉಬ್ಬು ಬಂದಾಗ ಕೈಯಲ್ಲಿ ಒಳಗೆ ಒತ್ತಿಕೊಂಡು, ಪಂಚೆ ಬಿಗಿಯಾಗಿ ಕಟ್ಟಿಕೊಂಡು ಓಡಾಡಿರುತ್ತಾರೆ. ಆಪರೇಷನ್ ಆದ ಮೇಲೆ ಆ ಜಾಗ, ಕೆಲವರಿಗೆ ವೃಷಣದ ಚೀಲವೂ, ಊದಿಕೊಂಡು ನೀಲಿ ಬಣ್ಣಕ್ಕೆ ತಿರುಗುತ್ತದೆ. ಕೆಲವು ದಿನ ಹಾಗಿದ್ದು ಇಳಿಯುತ್ತದೆ, ಅದು ಮಾಮೂಲು. ಆದರೆ ಇದನ್ನೆಲ್ಲ ಬೀಗರು, ಅಳಿಯಂದಿರು, ಸೊಸೆಯಂದಿರು ಇರುವ ಗ್ರೂಪಿನಲ್ಲಿ ಯಾರಾದರೂ ಬಿಚ್ಚಿಟ್ಟರೆ ಅವರಿಗೆ ಹೇಗಾಗಬೇಡ? "ಆಪರೇಷನ್ ಚೆನ್ನಾಗಿ ಆಯ್ತಂತೆ" ಅಂದರೆ ಸಾಕು, ಎಲ್ಲಿ, ಏನು ಅಂತ ಬೇಡ.

ಮೆಸೇಜನ್ನು ಅವರಿಗೇ ನೇರವಾಗಿ ಕಳಿಸಿ. ಗ್ರೂಪಿನಲ್ಲಿ ಆಗಲೇ ಸುದ್ದಿ ಬಂದು ಎಲ್ಲರೂ ಬರೆಯುತ್ತಿದ್ದರೆ, ನೀವೂ ಒಂದು ಸಾಲು ಹಾಕಿ: "ಮಾವ, ಆರಾಮಾಗಿ ರೆಸ್ಟ್ ತಗೊಳ್ಳಿ 🌼". ಮನಸ್ಸಿನ ಮಾತು ಬೇರೆಯಾಗಿ ಹೋಗಲಿ.

ಹಾಸಿಗೆಯಲ್ಲಿ ಮಲಗಿರುವ ಫೋಟೋ ಹಾಕುವುದಂತೂ ಅವರನ್ನು ಕೇಳದೆ ಯಾರೂ ಮಾಡಬಾರದು. ಆಸ್ಪತ್ರೆಯ ಗೌನಿನಲ್ಲಿ, ಮೂಗಿಗೆ ಕೊಳವೆ ಇಟ್ಟ ಫೋಟೋ ಊರೆಲ್ಲ ಸುತ್ತಿ ಮತ್ತೆ ಅವರ ಫೋನಿಗೇ ಬಂದದ್ದನ್ನು ನೋಡಿದ್ದೇನೆ. ಸಂಕಟದ ವಿಷಯ ಅದು.

ಊಟ, ಪಥ್ಯದ ಬಗ್ಗೆ ಎರಡು ಮಾತು ಸೇರಿಸಬಹುದಾ?

ಬೇಡ. ಬದನೆಕಾಯಿ ನಂಜು, ಮೊಸರು ತಿಂದರೆ ಕೀವಾಗುತ್ತದೆ, ಅದು ಶೀತ ಇದು ಉಷ್ಣ ಅಂತ ಅವರಿಗೆ ಆಗಲೇ ಹತ್ತು ಮಂದಿ ಹೇಳಿರುತ್ತಾರೆ. ಎಲ್ಲರ ಮಾತು ಕೇಳಿ ಕೊನೆಗೆ ಗಂಜಿ, ಬ್ರೆಡ್ಡಿನಲ್ಲೇ ದಿನ ತಳ್ಳುತ್ತಾರೆ. ಆಮೇಲೆ ಮಲಬದ್ಧತೆ ಶುರುವಾಗುತ್ತದೆ. ನೋವಿನ ಮಾತ್ರೆಗಳಲ್ಲಿ ಕೆಲವು ಅದನ್ನು ಇನ್ನೂ ಜಾಸ್ತಿ ಮಾಡುತ್ತವೆ. ಹರ್ನಿಯಾ ಆದವರು ತಿಣುಕಬಾರದು, ತಿಣುಕಿದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ನೀರು, ಸೊಪ್ಪು, ಹಣ್ಣು ಹೊಟ್ಟೆಗೆ ಹೋಗಲೇಬೇಕು. ಶುಗರ್, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರ್ ಬೇರೆ ಹೇಳಿರುತ್ತಾರೆ. ಮುದ್ದೆ, ಸೊಪ್ಪಿನ ಸಾರು ಸಾಮಾನ್ಯವಾಗಿ ಒಳ್ಳೆಯ ಊಟವೇ.

ಮೆಸೇಜಿನಲ್ಲಿ ಬರೆಯಲೇಬೇಕು ಅನ್ನಿಸಿದರೆ "ಡಾಕ್ಟರ್ ಹೇಳಿದ್ದು ತಿನ್ನಿ ಮಾವ, ಊರವರ ಮಾತು ಬಿಡಿ" ಅಂತ ಬರೆಯಿರಿ.

ದೇವರ ಹೆಸರು ಹಾಕಬಹುದಾ?

ಅವರು ನಂಬುವ ದೇವರಾದರೆ ಖಂಡಿತ. "ಎಡೆಯೂರು ಸಿದ್ಧಲಿಂಗೇಶ್ವರ ಕಾಪಾಡ್ತಾನೆ" ಅಂತಲೋ "ಗೊರವನಹಳ್ಳಿ ಲಕ್ಷ್ಮಿಗೆ ನಿಮ್ಮ ಹೆಸರಲ್ಲಿ ಪೂಜೆ ಮಾಡಿಸ್ತೀನಿ" ಅಂತಲೋ ಬರೆದರೆ ಮಾವನಿಗೂ ಅತ್ತೆಗೂ ಎದೆ ಹಗುರವಾಗುತ್ತದೆ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಹರಕೆಯನ್ನು ಅವರ ಮೈಮೇಲೆ ಹೊರಿಸಬೇಡಿ. "ಮುಂದಿನ ತಿಂಗಳು ದೇವರಾಯನದುರ್ಗಕ್ಕೆ ನಡ್ಕೊಂಡೇ ಹತ್ತೋಣ", "ಉರುಳುಸೇವೆ ಮಾಡಿಸೋಣ" ಅಂತ ಬರೆದರೆ, ಕೆಲವರು ಡಾಕ್ಟರ್ ಬೇಡ ಅಂದರೂ ದೇವರ ಮಾತು ತಪ್ಪಬಾರದು ಅಂತ ಹೊರಡುತ್ತಾರೆ. ಪೂಜೆ ನೀವು ಮಾಡಿಸಿ, ಪ್ರಸಾದ ಅವರಿಗೆ ತಲುಪಿಸಿ.

"ನೀವು" ಅನ್ನಬೇಕಾ, "ನೀನು" ಅನ್ನಬೇಕಾ?

ಎದುರಿಗೆ ಹೇಗೆ ಮಾತಾಡುತ್ತೀರೋ ಹಾಗೆ. ಸೋದರಮಾವನನ್ನು ಚಿಕ್ಕಂದಿನಿಂದ "ಮಾವ, ಬಾ, ಕೂತ್ಕೋ" ಅಂತ ಕರೆದವರು ಇದ್ದಕ್ಕಿದ್ದಂತೆ "ತಾವು ಶೀಘ್ರವಾಗಿ ಗುಣಮುಖರಾಗಲೆಂದು ಹಾರೈಸುವೆ" ಅಂತ ಬರೆದರೆ, ಅವರಿಗೆ ತಮ್ಮ ಕಾಯಿಲೆ ಅಷ್ಟು ದೊಡ್ಡದಾ ಅಂತ ಭಯವಾಗುತ್ತದೆ.

ಮಾವನಿಗೆ ಓದಲು ಕಷ್ಟ. ವಾಯ್ಸ್ ಮೆಸೇಜ್ ಕಳಿಸಲಾ?

ಕಳಿಸಿ, ಅರ್ಧ ನಿಮಿಷದ ಒಳಗೆ ಮುಗಿಸಿ. ಅವರು ಅದನ್ನು ಕಿವಿಗೆ ಹಿಡಿದು ಕೇಳುವುದಿಲ್ಲ, ಸ್ಪೀಕರಿನಲ್ಲೇ ಹಾಕುತ್ತಾರೆ. ಅಕ್ಕಪಕ್ಕದ ಹಾಸಿಗೆಯವರು, ಅವರ ನೆಂಟರು ಎಲ್ಲರೂ ಕೇಳುತ್ತಾರೆ. ಆದ್ದರಿಂದ ಆಸ್ಪತ್ರೆ ಬಿಲ್ಲು, ಆಸ್ತಿ, ಯಾವ ಜಾಗದ ಆಪರೇಷನ್ ಅನ್ನುವ ಮಾತು ಅದರಲ್ಲಿ ಬರಬಾರದು. ಫ್ಯಾನ್ ಆರಿಸಿ, ರಸ್ತೆ ಸದ್ದಿಲ್ಲದ ಕಡೆ ನಿಂತು ನಿಧಾನಕ್ಕೆ ಮಾತಾಡಿ. ವಾಯ್ಸ್ ಹೋದ ಮೇಲೆ ಕೆಳಗೆ ಎರಡು ಎಮೋಜಿ ಮಾತ್ರ ಕಳಿಸಬಹುದು, 😊🌼. ಅಕ್ಷರ ಇಲ್ಲದೆ ಎಮೋಜಿ ಮಾತ್ರ ಕಳಿಸಿದರೆ ವಾಟ್ಸಾಪಿನಲ್ಲಿ ಅವು ದೊಡ್ಡದಾಗಿ ಕಾಣುತ್ತವೆ, ಕನ್ನಡಕ ಇಲ್ಲದಿದ್ದರೂ ಗೊತ್ತಾಗುತ್ತದೆ.

ಅತ್ತೆಗೆ ಬೇರೆ ಮೆಸೇಜ್ ಬೇಕಾ?

ಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಎರಡು ರಾತ್ರಿ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿ, ಕೆಳಗಿನ ಮೆಡಿಕಲ್ ಅಂಗಡಿಗೆ ಹತ್ತಿ ಇಳಿದು, ಬಂದ ಫೋನಿಗೆಲ್ಲ ಅದೇ ಕಥೆ ಹೇಳಿದವರು ಅವರು. ಆಪರೇಷನ್ ದಿನ ಸಂಜೆ ಇಷ್ಟು ಸಾಕು:

"ಅತ್ತೆ, ಮೊದಲು ನೀವು ಏನಾದ್ರೂ ತಿನ್ನಿ. ಫೋನ್ ಮಾಡಿ ತೊಂದರೆ ಕೊಡಲ್ಲ. ಬೇರೆಯವರಿಗೆಲ್ಲ ವಿಷಯ ನಾನೇ ತಿಳಿಸ್ತೀನಿ. ನಾಳೆ ರಾತ್ರಿ ಆಸ್ಪತ್ರೆಗೆ ತಮ್ಮ ಬರ್ತಾನೆ, ನೀವು ಮನೆಗೆ ಹೋಗಿ ಮಲಗಿ 🌿"

ಇಲ್ಲೂ ಅಷ್ಟೇ, ಯಾರು ಬರುತ್ತಾರೆ, ಯಾವಾಗ ಅನ್ನುವುದು ಇರಬೇಕು.

ಉತ್ತರದಲ್ಲಿ "ಸ್ವಲ್ಪ ಜ್ವರ", "ಊತ ಜಾಸ್ತಿ ಆಗಿದೆ" ಅಂತ ಬಂದರೆ ಏನು ಬರೆಯಲಿ?

ಬರೆಯುವುದನ್ನು ನಿಲ್ಲಿಸಿ, ಫೋನ್ ಮಾಡಿ. ಮನೆಗೆ ಬಂದ ಮೇಲೆ ಮಾವಂದಿರು ಇಂಥದ್ದನ್ನು ಹೆಂಡತಿಗೆ ಹೇಳದೆ ಅಕ್ಕನ ಮಕ್ಕಳಿಗೆ ಹೇಳುವುದುಂಟು. ಸಣ್ಣ ಊತ, ಕಂದು ನೀಲಿ ಬಣ್ಣ, ಎದ್ದು ಕೂರುವಾಗ ನೋವು, ಇವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಹೆದರಬೇಕಿಲ್ಲ. ಆದರೆ ಜ್ವರ ಬಂದರೆ, ಗಾಯ ಕೆಂಪಗಾಗಿ ಬಿಸಿಯಾದರೆ, ಕೀವು ಬಂದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ, ಮೂತ್ರ ಹೋಗದಿದ್ದರೆ, ಹೊಟ್ಟೆ ಉಬ್ಬರಿಸಿ ವಾಂತಿ ಆಗುತ್ತಿದ್ದರೆ ಅವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಒಂದೆರಡು ದಿನದಲ್ಲಿ ಕೆಲವರಿಗೆ ತಲೆನೋವು ಬರುತ್ತದೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. "ನಿದ್ದೆ ಇಲ್ಲ, ಅದಕ್ಕೇ ತಲೆನೋವು" ಅಂತ ತಳ್ಳಿಹಾಕುತ್ತಾರೆ. ಇದನ್ನೂ ಡಾಕ್ಟರಿಗೆ ಹೇಳಲೇಬೇಕು.

ಇಂಥ ಹೊತ್ತಿನಲ್ಲಿ 🌼 ಹಾಕಿ "ಎಲ್ಲಾ ಸರಿ ಹೋಗುತ್ತೆ ಮಾವ" ಅಂತ ಬರೆದು ಬಿಡಬೇಡಿ. ಅತ್ತೆಗೋ ಮಗನಿಗೋ ಫೋನ್ ಮಾಡಿ, ಗಾಡಿ ಮಾಡಿಸಿ.

ಒಂದು ಸಲ ಕಳಿಸಿದರೆ ಸಾಕಾ?

ಎರಡನೆಯದೇ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಅನಿಸಿಕೆ. ಮೊದಲ ಎರಡು ದಿನ ಮೆಸೇಜುಗಳ ಜಾತ್ರೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ಮಾವ ಮನೆಯಲ್ಲಿ ಜಗಲಿ ಮೇಲೆ ಕೂತು ಬೇಸರ ಪಡುವುದು ಎರಡನೇ ವಾರ. ನೋವು ಕಡಿಮೆಯಾಗಿರುತ್ತದೆ, ಹೊಲಿಗೆ ತೆಗೆದಿರುತ್ತಾರೆ, ಕೈಕಾಲು ಸುಮ್ನಿರುವುದಿಲ್ಲ. ಬೈಕಿಗೆ ಕಿಕ್ ಹೊಡೆಯೋಣ ಅನ್ನಿಸುವುದು, ಒಂದು ಮೂಟೆ ಹಿಂಡಿಯನ್ನು ಎಳೆಯೋಣ ಅನ್ನಿಸುವುದು ಆವಾಗಲೇ. ಆ ವಾರ ಹೀಗೆ ಬರೆಯಬಹುದು:

"ಮಾವ, ಹೊಲಿಗೆ ಬಿಚ್ಚಿದ್ರಂತೆ, ಖುಷಿ ಆಯ್ತು 😊 ಸಂಜೆ ತೋಟದ ತನಕ ನಡ್ಕೊಂಡು ಹೋಗಿ ಬರ್ತಿದ್ದೀರಂತೆ, ಅದು ಒಳ್ಳೇದು. ಮೂಟೆ, ಬಿಂದಿಗೆ, ಏಣಿ ಮಾತ್ರ ಡಾಕ್ಟರ್ ಹೂಂ ಅನ್ನೋ ತನಕ ಬೇಡ. ಕೊಬ್ಬರಿ ಎಷ್ಟು ಮೂಟೆ ಆಯ್ತು ಅಂತ ತಮ್ಮ ಲೆಕ್ಕ ಬರೆದಿಟ್ಟಿದ್ದಾನೆ, ಶನಿವಾರ ತಂದು ತೋರಿಸ್ತೀವಿ 🌴"

ನಡೆಯುವುದನ್ನು ಹೊಗಳಿ, ಎತ್ತುವುದನ್ನು ತಡೆಯಿರಿ. ಕೆಲವರು ಹೆದರಿಕೊಂಡು ಹಾಸಿಗೆ ಬಿಟ್ಟೇಳುವುದಿಲ್ಲ, ಅದೂ ಒಳ್ಳೆಯದಲ್ಲ. ಈ ಆಪರೇಷನ್‌ನಲ್ಲಿ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ಓಡಾಡಬೇಕು.

ಬೇರೆ ಆಪರೇಷನ್ ಆಗಿದ್ದರೆ ಏನು ಬದಲಾಗುತ್ತದೆ?

ಕಣ್ಣಿನ ಪೊರೆ ತೆಗೆಸಿದ್ದರೆ ಒಂದೆರಡು ದಿನ ಮಸುಕಾಗಿ ಕಾಣಬಹುದು, ವಾಯ್ಸ್ ಮೆಸೇಜ್ ಕಳಿಸಿ. ಎದೆ ತೆರೆದು ಬೈಪಾಸ್ ಮಾಡಿದ್ದರೆ ಎದೆಯ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಮೆಸೇಜನ್ನು ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಕಳಿಸಿ, ಅಲ್ಲಿಯವರೆಗೆ ಮನೆಯವರ ಜೊತೆ ಮಾತ್ರ ಮಾತಾಡಿ. ಮಂಡಿ ಬದಲಾಯಿಸಿದ್ದರೆ ವ್ಯಾಯಾಮ ನೋವಾದರೂ ಮಾಡಲೇಬೇಕು, ಅಲ್ಲಿ "ರೆಸ್ಟ್ ಮಾಡಿ" ಅಂತಲೇ ಒತ್ತಿ ಬರೆಯಬೇಡಿ. "ಇವತ್ತು ಎಷ್ಟು ಹೆಜ್ಜೆ ಆಯ್ತು ಅಂತ ಸಂಜೆ ಕೇಳ್ತೀನಿ ಮಾವ 😊" ಅಂತ ಬರೆಯಿರಿ, ಸಂಜೆ ಮರೆಯದೆ ಕೇಳಿ.